NIOSH SLM ಆ್ಯಪ್: ಫೋನ್ ತೋರಿಸುವ ಡೆಸಿಬೆಲ್ ಅನ್ನು ಎಷ್ಟು ನಂಬಬಹುದು?

ಐದರಲ್ಲಿ ನಾಲ್ಕು ಸ್ಟಾರ್. ಕಳೆದುಕೊಂಡ ಒಂದು ಸ್ಟಾರ್ ಆ್ಯಪ್‌ನದ್ದಲ್ಲ, ಫೋನಿನ ಮೈಕ್‌ನದ್ದು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ NIOSH ಈ ಶಬ್ದಮಾಪಕ ಆ್ಯಪ್ ಅನ್ನು 2017ರಲ್ಲಿ ಉಚಿತವಾಗಿ ಬಿಡುಗಡೆ ಮಾಡಿತು. ಐಫೋನ್‌ಗೆ ಮಾತ್ರ ಸಿಗುತ್ತದೆ, ಅದಕ್ಕೆ ಕಾರಣವೂ ಇದೆ. ಐಫೋನ್ ಮಾಡೆಲ್‌ಗಳು ಕೆಲವೇ, ಅವುಗಳ ಮೈಕ್‌ಗಳ ನಡುವೆ ಹೆಚ್ಚು ವ್ಯತ್ಯಾಸವಿಲ್ಲ. ಆಂಡ್ರಾಯ್ಡ್‌ನಲ್ಲಿ ಕಂಪನಿಗೊಂದು ಮೈಕ್, ಕಂಪನಿಗೊಂದು ಸಂಸ್ಕರಣೆ. ಒಂದೇ ಆ್ಯಪ್ ಎರಡು ಫೋನ್‌ಗಳಲ್ಲಿ ಹತ್ತು ಡೆಸಿಬೆಲ್ ಬೇರೆ ತೋರಿಸಿದರೂ ಆಶ್ಚರ್ಯಪಡಬೇಕಿಲ್ಲ. NIOSH ತನ್ನ ಆ್ಯಪ್‌ಗೆ ಹೇಳಿಕೊಳ್ಳುವ ನಿಖರತೆ ±2 dBA; dBA ಎಂದರೆ ಕಿವಿ ಕೇಳುವ ರೀತಿಗೆ ಹೊಂದಿಸಿದ ಡೆಸಿಬೆಲ್. ಅದು ಪ್ರಯೋಗಾಲಯದ ಮಾತು. ಮೈಕ್ ರಂಧ್ರದಲ್ಲಿ ಧೂಳು ತುಂಬಿದ್ದರೆ ಅಥವಾ ಕವರ್ ಅದನ್ನು ಅರ್ಧ ಮುಚ್ಚಿದ್ದರೆ ಲೆಕ್ಕ ಬೇರೆ.

ಪರದೆಯ ಮೇಲೆ ಕುಣಿಯುವ ದೊಡ್ಡ ಅಂಕಿಯನ್ನು ಮರೆತುಬಿಡಿ. ನೋಡಬೇಕಾದದ್ದು LAeq, ಅಂದರೆ ಅಳೆದ ಅವಧಿಯುದ್ದಕ್ಕೂ ಬಂದ ಶಬ್ದಶಕ್ತಿಯ ಸರಾಸರಿ. ಇದು ಸಾಮಾನ್ಯ ಸರಾಸರಿಯಲ್ಲ. ಅರ್ಧ ಗಂಟೆಯಲ್ಲಿ 25 ನಿಮಿಷ 60 dBA, 5 ನಿಮಿಷ 80 dBA ಇತ್ತು ಎನ್ನಿ. ಕೂಡಿಸಿ ಭಾಗಿಸಿದರೆ 63 ಬರುತ್ತದೆ, ಆದರೆ LAeq 72 ದಾಟುತ್ತದೆ. ಆ ಐದು ನಿಮಿಷವೇ ಇಡೀ ಲೆಕ್ಕವನ್ನು ಹೊತ್ತುಕೊಂಡಿರುತ್ತದೆ. ಹಾಗಾಗಿ ಅಳತೆಯ ನಡುವೆ ಕೆಮ್ಮಿದರೆ, ಫೋನ್ ಕೈಯಲ್ಲಿ ಜಾರಿ ಉಜ್ಜಿದರೆ, ಗಾಳಿ ಮೈಕ್‌ಗೆ ಬಡಿದರೆ ಆ ಅಳತೆಯನ್ನು ಬಿಟ್ಟು ಹೊಸದಾಗಿ ಶುರುಮಾಡುವುದೇ ಸರಿ.

ಈ ಆ್ಯಪ್ ಚೆನ್ನಾಗಿ ಮಾಡುವ ಕೆಲಸ ಹೋಲಿಕೆ. ಪಕ್ಕದ ಕೋಣೆಯ ಪಂಪ್ ಮಲಗುವ ಕೋಣೆಗೆ ಎಷ್ಟು ಸದ್ದು ತರುತ್ತದೆ ಎಂದು ತಿಳಿಯಬೇಕೆನ್ನಿ. ಗೋಡೆಯಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿ ಫೋನನ್ನು ಸ್ಟ್ಯಾಂಡ್‌ಗೆ ಹಾಕಿ, ಕವರ್ ತೆಗೆದು, ಮೈಕ್ ಇರುವ ತುದಿಗೆ ಏನೂ ಅಡ್ಡ ಬರದಂತೆ ನಿಲ್ಲಿಸಿ. ಪಂಪ್ ಓಡುವಾಗ ಎರಡು ನಿಮಿಷ, ನಿಲ್ಲಿಸಿದ ಮೇಲೆ ಅದೇ ಜಾಗದಲ್ಲಿ ಎರಡು ನಿಮಿಷ ಅಳೆಯಿರಿ. ಮೊದಲನೆಯದು 52, ಎರಡನೆಯದು 48 ಬಂದರೆ ಪಂಪ್‌ನ ಪಾಲು ನಾಲ್ಕು ಡೆಸಿಬೆಲ್ ಎನ್ನಲಾಗದು. ಡೆಸಿಬೆಲ್ ಅನ್ನು ನೇರವಾಗಿ ಕಳೆಯುವಂತಿಲ್ಲ:

```
10·log10(10^5.2 − 10^4.8) = 49.8
```

ಪಂಪ್ ಒಂದೇ ಇದ್ದಿದ್ದರೆ ಆ ಜಾಗದಲ್ಲಿ ಸುಮಾರು 50 dBA ಇರುತ್ತಿತ್ತು. ಎರಡು ಅಳತೆಗಳ ನಡುವೆ ಮೂರು ಡೆಸಿಬೆಲ್‌ಗಿಂತ ಕಡಿಮೆ ಅಂತರವಿದ್ದರೆ ಈ ಲೆಕ್ಕ ಹಾಕಬೇಡಿ. ಹಿನ್ನೆಲೆ ಸ್ವಲ್ಪ ಏರಿಳಿದರೂ ಉತ್ತರ ಎಲ್ಲೆಲ್ಲಿಗೋ ಹೋಗುತ್ತದೆ. ಪಂಪ್ ಕೆಳಗೆ ರಬ್ಬರ್ ಹಾಸಿದ ಮೇಲೆ ಮತ್ತೆ ಅಳೆದು ಹೋಲಿಸುವುದಕ್ಕೂ ಇದೇ ವಿಧಾನ. ಫೋನಿನ ಅಂಕಿ ಎರಡು ಡೆಸಿಬೆಲ್ ತಪ್ಪಿದ್ದರೂ ಎರಡೂ ಸಲ ಒಂದೇ ಕಡೆಗೆ ತಪ್ಪಿರುವುದರಿಂದ ಹೋಲಿಕೆ ಕೆಡುವುದಿಲ್ಲ.

ತೀರಾ ನಿಶ್ಶಬ್ದವನ್ನು ಫೋನ್ ಅಳೆಯಲಾರದು, ಏಕೆಂದರೆ ಮೈಕ್‌ಗೆ ತನ್ನದೇ ಒಂದು ಸಣ್ಣ ಗೊರಗೊರ ಇರುತ್ತದೆ. ಅದು ಎಷ್ಟು ಎಂದು ತಿಳಿಯಲು ರಾತ್ರಿ ಕಿಟಕಿ ಬಾಗಿಲು ಮುಚ್ಚಿ, ಫೋನನ್ನು ಬೀರುವಿನಲ್ಲಿ ಬಟ್ಟೆಗಳ ನಡುವೆ ಇಟ್ಟು ಅಳೆಯಿರಿ. ಹೊರಗಿಟ್ಟಾಗಲೂ ಒಳಗಿಟ್ಟಾಗಲೂ ಅಂಕಿ ಒಂದೇ ಇದ್ದರೆ ನೀವು ಓದುತ್ತಿರುವುದು ಕೋಣೆಯನ್ನಲ್ಲ, ಮೈಕ್‌ ಅನ್ನು. ಆ ಅಂಕಿಗೆ ಹತ್ತಿರದ ಯಾವ ಅಳತೆಯನ್ನೂ ನಂಬಬೇಡಿ. ಅತಿ ಜೋರು ಸದ್ದಿನಲ್ಲೂ ಮೈಕ್ ಸೋಲುತ್ತದೆ: ಸ್ಪೀಕರ್‌ಗೆ ಹತ್ತಿರ ಹೋದಂತೆ ಕಿವಿಗೆ ಸದ್ದು ಹೆಚ್ಚುತ್ತಿದ್ದರೂ ಅಂಕಿ ಏರದೆ ನಿಂತರೆ ಅದು ಮಿತಿ ಮುಟ್ಟಿದೆ ಎಂದರ್ಥ.

ಗುಂಯ್‌ಗುಡುವ ಸದ್ದಿನಲ್ಲಿ ಇನ್ನೊಂದು ತೊಡಕು. dBA ಅಂಕಿಯ ಹಿಂದಿರುವ A ತೂಕ ಕಿವಿಯ ಸ್ವಭಾವವನ್ನು ಅನುಸರಿಸಿ ಕೆಳಸ್ವರಗಳನ್ನು ತಗ್ಗಿಸುತ್ತದೆ; 100 ಹರ್ಟ್ಸ್‌ನಲ್ಲಿ ಅದು ಸುಮಾರು 19 ಡೆಸಿಬೆಲ್ ಕಡಿತ. ಗೋಡೆ ದಾಟಿ ಬರುವ ಬಾಸ್ ನಿದ್ದೆ ಕೆಡಿಸುತ್ತಿದ್ದರೂ dBA ಅಂಕಿ ಸಾಧುವಾಗಿ ಕಾಣುವುದು ಇದರಿಂದಲೇ. ಸೆಟ್ಟಿಂಗ್ಸ್‌ನಲ್ಲಿ, ಕೆಳಸ್ವರಗಳನ್ನು ಅಷ್ಟಾಗಿ ತಗ್ಗಿಸದ C ತೂಕಕ್ಕೆ ಬದಲಿಸಿ ಮತ್ತೆ ಅಳೆಯಿರಿ. C ಅಂಕಿ A ಗಿಂತ 15–20 ಹೆಚ್ಚಿದ್ದರೆ ಕೆಳಸ್ವರ ಜೋರಾಗಿಯೇ ಇದೆ. ಆದರೆ ಅಂತರ ಕಡಿಮೆ ಬಂದರೆ ಕೆಳಸ್ವರ ಇಲ್ಲವೆಂದು ತೀರ್ಮಾನಿಸಬೇಡಿ, ಮೈಕ್ ತಾನೇ ಅದನ್ನು ಸೋಸಿಹಾಕಿರಬಹುದು.

ದೂರು, ವ್ಯಾಜ್ಯಗಳಿಗೆ ಈ ಅಂಕಿ ಸಾಕಾಗದು. ಅಲ್ಲಿಗೆ ಬೇಕಾದದ್ದು IEC 61672 ಮಾನದಂಡದ ಕ್ಲಾಸ್ 1 ಅಥವಾ 2 ಮೀಟರ್, ಅಳತೆಗೆ ಮುಂಚೆ ಮತ್ತು ನಂತರ 94 dBಯ ಗೊತ್ತಾದ ಸದ್ದು ಹೊರಡಿಸುವ ಕ್ಯಾಲಿಬ್ರೇಟರ್‌ನಿಂದ ಪರೀಕ್ಷೆ. ಕ್ಯಾಲಿಬ್ರೇಟರ್‌ನ ಬಾಯಿ ದುಂಡನೆಯ ಮೈಕ್‌ಗೆ ಬಿಗಿಯಾಗಿ ಕೂರುವಂಥದ್ದು. ಫೋನಿನ ಸೂಜಿರಂಧ್ರಕ್ಕೆ ಅದನ್ನು ಕೂರಿಸಲಾಗದು. ಹೊರಗಿನ ಅಳತೆ ಮೈಕ್ ಜೋಡಿಸಿಕೊಂಡರೆ ಆ್ಯಪ್‌ನ ಕ್ಯಾಲಿಬ್ರೇಷನ್ ಪುಟ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.