ಜರ್ಮನಿಯ 1.7 ಇಲ್ಲಿ 88.3 ಆದಾಗ ನನ್ನ ಆಫರ್ ಹೋಯಿತು

ಒಂಬತ್ತು ವರ್ಷ ಜರ್ಮನಿಯಲ್ಲಿದ್ದು 2024ರಲ್ಲಿ ಬೆಂಗಳೂರಿಗೆ ಬಂದೆ. ಕೈಗೆ ಬಂದ ಮೊದಲ ಆಫರ್ ಲೆಟರ್ ಐದೇ ವಾರಕ್ಕೆ ರದ್ದಾಯಿತು. ಅದಕ್ಕೆ ಕಾರಣ ರೆಸ್ಯೂಮ್‌ನಲ್ಲಿದ್ದ ಮೂರು ಸಾಲು. ಮೂರನ್ನೂ ನಾನು ಬರೆದಿರಲಿಲ್ಲ, ಆದರೆ ಮೂರಕ್ಕೂ ಒಪ್ಪಿಕೊಂಡಿದ್ದೆ. ಅಲ್ಲಿಂದ ವಾಪಸ್ ಬರುವ ಯೋಚನೆ ಇರುವವರು ಪೆಟ್ಟಿಗೆ ಕಟ್ಟುವ ಮೊದಲೇ ಇದನ್ನು ಓದಿದರೆ ಒಳ್ಳೆಯದು. ಇದರಲ್ಲಿ ಕೆಲವು ಕೆಲಸಗಳನ್ನು ಅಲ್ಲಿದ್ದಾಗಲೇ ಮಾಡಬೇಕು.

ಮೊದಲು ನನ್ನ ರೆಸ್ಯೂಮ್ ಹೇಗಿತ್ತು ಅಂತ ಹೇಳುತ್ತೇನೆ. ದಾವಣಗೆರೆಯಲ್ಲಿ ಬಿ.ಇ., 72 ಪರ್ಸೆಂಟ್. ಆಮೇಲೆ ಜರ್ಮನಿಯಲ್ಲಿ ಮಾಸ್ಟರ್ಸ್, ಅಂತಿಮ ಗ್ರೇಡ್ 1.7. ನಂತರ ಸ್ಟುಟ್‌ಗಾರ್ಟ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಏಳು ವರ್ಷ ಕೆಲಸ. ಅಲ್ಲಿ ಬರೆದಿದ್ದ ಹಾಗೆಯೇ ಇಲ್ಲಿಗೂ ಕಳಿಸಿದೆ. ಮೂರು ತಿಂಗಳು ಒಂದು ಫೋನೂ ಬರಲಿಲ್ಲ.

ಕೊನೆಗೆ ಚಿಕ್ಕಪ್ಪನ ಮಗ ಅದನ್ನು ನೋಡಿದ. ಅವನು ಇಲ್ಲೇ ಒಂದು ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದಾನೆ. "ಅಕ್ಕಾ, ಇದೇನು 1.7? ಪಾಸಾಗಿದೀಯ ತಾನೆ?" ಅಂದ. ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. "ನೋಡೋರು ಹತ್ತಕ್ಕೆ 1.7 ಅಂದ್ಕೊತಾರೆ. ಅಪ್ಲಿಕೇಷನ್ ಫಾರ್ಮಿಗೆ 60 ಪರ್ಸೆಂಟ್ ಕಟಾಫ್ ಹಾಕಿರ್ತಾರಲ್ಲ, ಅಲ್ಲೇ ಬಿದ್ದುಹೋಗುತ್ತೆ. ಮನುಷ್ಯರ ಕಣ್ಣಿಗೇ ಬೀಳಲ್ಲ."

ಜರ್ಮನಿಯಲ್ಲಿ ಅಂಕೆ ಉಲ್ಟಾ. 1.0 ಎಲ್ಲಕ್ಕಿಂತ ಮೇಲು, 4.0 ಬರೀ ಪಾಸು, 5.0 ಫೇಲು. 1.5ರವರೆಗೆ 'ಬಹಳ ಒಳ್ಳೆಯದು', 1.6ರಿಂದ 2.5ರವರೆಗೆ 'ಒಳ್ಳೆಯದು'. ಅಂದರೆ ನನ್ನ 1.7 ಅಲ್ಲಿ 'ಗೂಟ್', ಇಂಗ್ಲಿಷ್ ಸರ್ಟಿಫಿಕೇಟಿನಲ್ಲಿ 'ಗುಡ್'. ಡಿಸ್ಟಿಂಕ್ಷನ್, ಫಸ್ಟ್ ಕ್ಲಾಸ್ ಕೇಳಿ ಬೆಳೆದ ನಮಗೆ 'ಗುಡ್' ಅಂದರೆ ಏನೋ ಸುಮಾರು ಅನ್ನಿಸುತ್ತದೆ. ಹಾಗಾಗಿ ಅಂಕೆಯೂ ಕೈಕೊಟ್ಟಿತು, ಪದವೂ ಕೈಕೊಟ್ಟಿತು.

ಇಲ್ಲಿಯವರೆಗೆ ಆಗಿದ್ದು ಬರೀ ಗೊತ್ತಿಲ್ಲದೆ ಆದ ನಷ್ಟ. ನಿಜವಾದ ತಪ್ಪು ಮಾಡಿದ್ದು ಇದಾದ ಮೇಲೆ. 'ವಿದೇಶದಿಂದ ಬಂದವರ ರೆಸ್ಯೂಮ್ ಇಲ್ಲಿಗೆ ತಕ್ಕ ಹಾಗೆ ಮಾಡಿಕೊಡುತ್ತೇವೆ' ಅನ್ನುವವರೊಬ್ಬರಿಗೆ ದುಡ್ಡು ಕೊಟ್ಟೆ. ಎರಡು ದಿನದಲ್ಲಿ ಚಂದದ ರೆಸ್ಯೂಮ್ ಬಂತು. 1.7 ಇದ್ದ ಜಾಗದಲ್ಲಿ 88.3 ಪರ್ಸೆಂಟ್. ನನ್ನ ಹುದ್ದೆ 'ಪ್ರಾಜೆಕ್ಟ್ ಮ್ಯಾನೇಜರ್'. ಒಟ್ಟು ಅನುಭವ ಎಂಟೂವರೆ ವರ್ಷ.

88.3 ಎಲ್ಲಿಂದ ಬಂತು ಅಂತ ಕೇಳಿದೆ. ಜರ್ಮನಿಯವರದ್ದೇ ಫಾರ್ಮುಲಾ, ಮೇಡಂ ಅಂದರು. ಅದು ಸುಳ್ಳಲ್ಲ. ನಾನು ಮಾಸ್ಟರ್ಸ್‌ಗೆ ಅರ್ಜಿ ಹಾಕಿದಾಗ ನನ್ನ 72 ಪರ್ಸೆಂಟನ್ನು ಜರ್ಮನ್ ಗ್ರೇಡ್ ಮಾಡಿದ್ದು ಇದೇ ಫಾರ್ಮುಲಾದಿಂದ. ಅದನ್ನು ಬವೇರಿಯನ್ ಫಾರ್ಮುಲಾ ಅನ್ನುತ್ತಾರೆ:

```
x = 1 + 3 × (Nmax − Nd) / (Nmax − Nmin)
```

Nmax ಅಂದರೆ ಗರಿಷ್ಠ ಅಂಕ, Nmin ಅಂದರೆ ಪಾಸ್ ಅಂಕ, Nd ಅಂದರೆ ನಮಗೆ ಬಂದ ಅಂಕ. ಗರಿಷ್ಠ 100, ಪಾಸ್ 40, ನನಗೆ ಬಂದಿದ್ದು 72. ಲೆಕ್ಕ ಹಾಕಿದರೆ 2.4. ಇದು ನಮ್ಮ ಅಂಕವನ್ನು ಅವರ ಅಳತೆಗೆ ತರೋಕೆ ಇರುವ ದಾರಿ. ರೆಸ್ಯೂಮ್ ಮಾಡಿದವರು ಅದನ್ನು ಹಿಂದುಮುಂದು ಮಾಡಿ 1.7ರಿಂದ ಪರ್ಸೆಂಟ್ ತೆಗೆದಿದ್ದರು. ಹಾಗೆ ಮಾಡುವಾಗ 'ಪಾಸ್ ಅಂಕ ಎಷ್ಟು' ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಊರಿನ ಪಾಸ್ ಅಂಕ? 35 ಹಾಕಿದರೆ 84.8 ಬರುತ್ತದೆ, 40 ಹಾಕಿದರೆ 86, 50 ಹಾಕಿದರೆ 88.3. ಅವರು 50 ಹಾಕಿದ್ದು ಜಾಸ್ತಿ ಬರುತ್ತೆ ಅಂತ, ಅಷ್ಟೇ. ನಾನೂ ಎಂಜಿನಿಯರ್ರೇ, ಐದು ನಿಮಿಷ ಕೂತಿದ್ದರೆ ಕಾಣುತ್ತಿತ್ತು. ಮೂರು ತಿಂಗಳು ಸುಮ್ನೆ ಕೂತವಳಿಗೆ ಕೂತು ಲೆಕ್ಕ ಹಾಕುವ ಮನಸ್ಸಿರಲಿಲ್ಲ.

ಹುದ್ದೆಯ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ನನ್ನ ಹುದ್ದೆ 'ಟೈಲ್‌ಪ್ರೊಯೆಕ್ಟ್‌ಲೈಟರಿನ್'. 'ಟೈಲ್' ಅಂದರೆ ಭಾಗ. ದೊಡ್ಡ ಪ್ರಾಜೆಕ್ಟಿನ ಒಂದು ಭಾಗವನ್ನು ನೋಡಿಕೊಳ್ಳುವವಳು. ಕೊನೆಯ 'ಇನ್' ಹೆಂಗಸು ಅಂತ ತೋರಿಸುತ್ತದೆ. ಬ್ರೇಕ್ ಕಂಟ್ರೋಲ್ ಸಾಫ್ಟ್‌ವೇರಿನ ಒಂದು ಭಾಗ ನನ್ನ ಕೈಲಿತ್ತು. ಆರು ಜನರಿಗೆ ಯಾವ ಕೆಲಸ, ಯಾವಾಗ, ಯಾವ ಕ್ರಮದಲ್ಲಿ ಅಂತ ಹೇಳುತ್ತಿದ್ದೆ. ಆದರೆ ಅವರ ರಜೆ, ಸಂಬಳ, ವರ್ಷದ ಅಪ್ರೈಸಲ್ ಯಾವುದೂ ನನ್ನದಲ್ಲ, ಅದು ಗುಂಪಿನ ಮುಖ್ಯಸ್ಥರದ್ದು. ಜರ್ಮನಿಯಲ್ಲಿ ಈ ಎರಡನ್ನೂ ಬೇರೆ ಬೇರೆ ಅಂತಲೇ ನೋಡುತ್ತಾರೆ, ಎರಡಕ್ಕೂ ಬೇರೆ ಬೇರೆ ಹೆಸರಿದೆ. ಇಲ್ಲಿ ಮ್ಯಾನೇಜರ್ ಅಂದ ಕೂಡಲೇ ಮೊದಲ ಪ್ರಶ್ನೆ, "ನಿಮ್ಮ ಕೆಳಗೆ ಎಷ್ಟು ಜನ ರಿಪೋರ್ಟ್ ಮಾಡ್ತಿದ್ರು?" ಇಂಟರ್ವ್ಯೂನಲ್ಲಿ ನಾನು "ಆರು" ಅಂದೆ. ಬಾಯಿಂದ ಬಂದೇಬಿಟ್ಟಿತು.

ಆ ಎಂಟೂವರೆ ವರ್ಷದ ಕಥೆ ಚಿಕ್ಕದು. ಓದುವಾಗ ಒಂದೂವರೆ ವರ್ಷ 'ವೆರ್ಕ್‌ಸ್ಟುಡೆಂಟ್' ಆಗಿದ್ದೆ. ಓದಿನ ಜೊತೆಗೆ ಮಾಡುವ ಕೆಲಸ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ. ಅದನ್ನು 'ಸಾಫ್ಟ್‌ವೇರ್ ಎಂಜಿನಿಯರ್' ಅಂತ ಬರೆದು ಪೂರ್ತಿ ಒಂದೂವರೆ ವರ್ಷ ಎಣಿಸಿದ್ದರು.

ಆಫರ್ ಬಂತು. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಶುರುವಾಯಿತು. ಮೊದಲು ಕೇಳಿದ್ದೇ ರಿಲೀವಿಂಗ್ ಲೆಟರ್. ಜರ್ಮನಿಯಲ್ಲಿ ಹಾಗಂತ ಒಂದು ಕಾಗದವೇ ಇಲ್ಲ. ಅಲ್ಲಿ ಕೊಡುವುದು 'ಆರ್ಬೈಟ್ಸ್‌ತ್ಸೊಯ್ಗ್ನಿಸ್', ಅಂದರೆ ಕೆಲಸದ ಸರ್ಟಿಫಿಕೇಟ್. ಕೆಲಸ ಬಿಡುವವರಿಗೆ ಕಾನೂನೇ ಅದರ ಹಕ್ಕು ಕೊಟ್ಟಿದೆ. ನನ್ನದು ಜರ್ಮನ್ ಭಾಷೆಯಲ್ಲಿತ್ತು. ರಾಜೀನಾಮೆ ಸಿಕ್ಕಿದೆ, ಇಂಥ ದಿನ ಕೊನೆ ಅಂತ ತಿಳಿಸುವ ಪತ್ರವನ್ನೂ ಕೇಳಿದರೆ ಕೊಡುತ್ತಿದ್ದರು. ನಮ್ಮ ರಿಲೀವಿಂಗ್ ಲೆಟರಿಗೆ ಅದೇ ಹತ್ತಿರದ್ದು. ನಾನು ಕೇಳಿರಲಿಲ್ಲ.

ಹಳೇ ಕಂಪನಿಯ ಎಚ್.ಆರ್. ಅವರು ವೆರಿಫಿಕೇಷನ್ ಏಜೆನ್ಸಿಯ ಮೇಲ್‌ಗೆ ಎರಡು ಸಾಲಿನ ಉತ್ತರ ಕೊಟ್ಟರು. ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು. ಡೇಟಾ ಕಾನೂನಿನ ಭಯಕ್ಕೆ ಅದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ. ಹುದ್ದೆಯನ್ನು ಜರ್ಮನ್‌ನಲ್ಲೇ ಬರೆದಿದ್ದರು. ಏಜೆನ್ಸಿಯಲ್ಲಿ ಯಾರೋ ಅದನ್ನು 'ಪಾರ್ಟ್ ಪ್ರಾಜೆಕ್ಟ್ ಲೀಡರ್' ಅಂತ ಅನುವಾದ ಮಾಡಿದರು. ರಿಪೋರ್ಟ್ ಬರೆದವರ ಕೈಗೆ ಹೋಗುವ ಹೊತ್ತಿಗೆ ಅದು 'ಪಾರ್ಟ್ ಟೈಮ್' ಆಗಿತ್ತು! ಏಳು ವರ್ಷ ಪೂರ್ತಿ ದುಡಿದವಳು ಒಂದು 'ಟೈಲ್'ನಿಂದ ಅರೆಕಾಲಿಕ ಆಗಿಬಿಟ್ಟೆ. ಯೂನಿವರ್ಸಿಟಿಯಿಂದ 1.7 ಅಂತ ಬಂತು. 88.3ಕ್ಕೆ ಎಲ್ಲೂ ಕಾಗದವಿರಲಿಲ್ಲ.

ರಿಪೋರ್ಟಿನಲ್ಲಿ ಹುದ್ದೆಗೆ ಕೆಂಪು, ಅಂಕಕ್ಕೆ ಹಳದಿ, ಅನುಭವಕ್ಕೆ ಹಳದಿ. ಪಾರ್ಟ್ ಟೈಮ್ ಅನ್ನುವುದು ಅವರ ತಪ್ಪು ಅಂತ ಪೇಸ್ಲಿಪ್ ಇಟ್ಟು ತೋರಿಸಿದೆ, ಒಪ್ಪಿಕೊಂಡರು. ಮ್ಯಾನೇಜರ್ ಅನ್ನುವುದಕ್ಕೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಎಚ್.ಆರ್. ಹುಡುಗಿ ಫೋನಿನಲ್ಲಿ ಮೃದುವಾಗಿಯೇ ಹೇಳಿದಳು, "ಮೇಡಂ, ನೀವು ಲೀಡ್ ಅಂತ ಹಾಕಿದ್ರೂ ನಾವು ತಗೊಳ್ತಿದ್ವಿ." ಆ ಮಾತು ಇವತ್ತಿಗೂ ಚುಚ್ಚುತ್ತದೆ. ರೆಸ್ಯೂಮ್ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ "ಎಲ್ರೂ ಹಾಗೇ ಹಾಕ್ತಾರೆ" ಅಂದರು.

ಈಗ ನನ್ನ ರೆಸ್ಯೂಮ್ ಹೀಗಿದೆ. ಓದಿನ ಸಾಲಿನಲ್ಲಿ 'ಅಂತಿಮ ಗ್ರೇಡ್ 1.7, ಜರ್ಮನ್ ಅಳತೆಯಲ್ಲಿ 1.0 ಗರಿಷ್ಠ, 4.0 ಪಾಸ್' ಅಂತ ಇದೆ. ಪರ್ಸೆಂಟ್ ಇಲ್ಲ. ಡಿಗ್ರಿ ಜೊತೆ ಕೊಡುವ ಡಿಪ್ಲೊಮಾ ಸಪ್ಲಿಮೆಂಟಿನಲ್ಲಿ 4.4 ಅನ್ನುವ ಭಾಗವಿದೆ. ಆ ಅಳತೆಯ ವಿವರಣೆ ಅಲ್ಲೇ ಇರುತ್ತದೆ, ಇಂಗ್ಲಿಷಿನಲ್ಲೂ ಸಿಗುತ್ತದೆ. ಆ ಪುಟವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೇನೆ. ಫಾರ್ಮು ಅಂಕೆ ಹಾಕದೆ ಮುಂದೆ ಹೋಗಲೇ ಬಿಡದಿದ್ದರೆ, ಪಾಸ್ ಅಂಕ 40 ಅಂತ ಹಿಡಿದು 86 ಹಾಕುತ್ತೇನೆ. ನನ್ನ ಬಿ.ಇ. ಅಂಕಕ್ಕೆ ಅವರು ಹಿಡಿದಿದ್ದೂ 40 ಅನ್ನೇ. ಅದು ನಾನೇ ಮಾಡಿದ ಅಂದಾಜು, ಅಧಿಕೃತ ಅಲ್ಲ ಅಂತ ಅದೇ ದಿನ ರಿಕ್ರೂಟರ್‌ಗೆ ಮೇಲ್ ಕಳಿಸುತ್ತೇನೆ. ಪೂರ್ತಿ ಸಮಾಧಾನ ಇಲ್ಲ, ಆದರೆ ಕಾಗದದಲ್ಲಿ ಇರುತ್ತದೆ.

ಹುದ್ದೆಯನ್ನು ಮೊದಲು ಕಾಂಟ್ರಾಕ್ಟಿನಲ್ಲಿ ಇದ್ದ ಹಾಗೇ ಬರೆದಿದ್ದೇನೆ. ಪಕ್ಕದಲ್ಲಿ 'ಸಬ್ ಪ್ರಾಜೆಕ್ಟ್ ಲೀಡ್, ಫುಲ್ ಟೈಮ್'. ಅದರ ಕೆಳಗೆ ಒಂದೇ ವಾಕ್ಯ: ಆರು ಜನರ ಕೆಲಸದ ಹಂಚಿಕೆ ನನ್ನದು, ಅಪ್ರೈಸಲ್ ನನ್ನದಲ್ಲ. ಈ ಕೊನೆಯ ಮಾತನ್ನು ಬರೆಯಬೇಡ ಅಂತ ತಮ್ಮ ಜಗಳ ಮಾಡಿದ. ನಾನು ತೆಗೆಯಲಿಲ್ಲ. ಸಂಬಳದ ದರ್ಜೆ 'ಇ.ಜಿ. 14' ಅಂತ ಇತ್ತು, ಅದನ್ನು ಮಾತ್ರ ತೆಗೆದೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲಿ ಆ ದರ್ಜೆ 17ರವರೆಗೆ ಹೋಗುತ್ತದೆ, ಪಕ್ಕದ ಬವೇರಿಯಾದಲ್ಲಿ 12ಕ್ಕೇ ಮುಗಿಯುತ್ತದೆ. ಅಲ್ಲೇ ಒಬ್ಬರದ್ದು ಒಬ್ಬರಿಗೆ ಹೊಂದುವುದಿಲ್ಲ, ಇಲ್ಲಿ ಯಾರಿಗೆ ಅರ್ಥವಾಗಬೇಕು?

ಅಲ್ಲೇ ಇರುವವರು ಕೆಲಸ ಬಿಡುವ ಮೊದಲು ಕೆಲಸದ ಸರ್ಟಿಫಿಕೇಟನ್ನು ಇಂಗ್ಲಿಷಿನಲ್ಲೂ ಕೇಳಿ, ಹುದ್ದೆಯ ಇಂಗ್ಲಿಷ್ ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ. ರೆಸ್ಯೂಮ್‌ನಲ್ಲೂ ಅದೇ ಹೆಸರು ಇರಲಿ. ಅನುವಾದವನ್ನು ಹೊರಗೆ ಮಾಡಿಸಿದರೆ ಒಂದೊಂದು ಪದ ನೋಡಿ. 'ಸದಾ ನಮಗೆ ಪೂರ್ಣ ತೃಪ್ತಿ ಕೊಟ್ಟಿದ್ದಾರೆ' ಅನ್ನುವ ಅರ್ಥದ ವಾಕ್ಯ ಅಲ್ಲಿ ಎರಡನೇ ದರ್ಜೆ, ಅಂದರೆ ಒಳ್ಳೆಯದು. 'ಸದಾ' ಬಿಟ್ಟುಹೋದರೆ ಅದೇ ವಾಕ್ಯ ಮೂರನೇ ದರ್ಜೆ. ನನ್ನ ಅನುವಾದದಲ್ಲಿ ಅದು ಬಿಟ್ಟುಹೋಗಿತ್ತು. ಇಲ್ಲಿನವರು ಗಮನಿಸಲಿಲ್ಲ. ಹೋದ ತಿಂಗಳು ಒಂದು ಇಂಟರ್ವ್ಯೂನಲ್ಲಿ ಮ್ಯೂನಿಕ್‌ನಿಂದ ವಿಡಿಯೊದಲ್ಲಿ ಕೂತಿದ್ದವರು ಅದನ್ನೇ ಮೊದಲು ಕೇಳಿದರು. ಮೂಲ ಜರ್ಮನ್ ಪ್ರತಿ ಪಕ್ಕದಲ್ಲೇ ಇತ್ತು, ಎತ್ತಿ ಕ್ಯಾಮೆರಾಗೆ ಹಿಡಿದೆ.