ಹೋಮ್ ಅಡ್ವಾಂಟೇಜ್: ಎಲ್ಲಾ ಲೀಗ್‌ಗೂ ಒಂದೇ ನಂಬರಾ, ಬೇರೆ ಬೇರೆಯಾ?

ಎಲೋ ರೇಟಿಂಗ್ ಮಾಡೆಲ್ ಮಾಡುವ ಕಾಸರಗೋಡಿನ ಹುಡುಗರಿಗೆ ಇದು. ನಮ್ಮಲ್ಲಿ ಪ್ರೀಮಿಯರ್ ಲೀಗ್, ಐಎಸ್‌ಎಲ್, ಸೂಪರ್ ಲೀಗ್ ಕೇರಳ ಮೂರನ್ನೂ ನೋಡುವವರು ಉಂಟಲ್ಲ, ಮೂರಕ್ಕೂ ಒಂದೇ ನಂಬರ್ ಹಾಕಿದ್ರೆ ಕೆಲಸ ಸುಲಭ, ಲೆಕ್ಕ ಅಲುಗಾಡೂದಿಲ್ಲ, ಆದ್ರೆ ಲೀಗ್ ಲೀಗ್‌ಗೆ ಇರುವ ನಿಜವಾದ ವ್ಯತ್ಯಾಸ ಅಳಿಸಿ ಹೋಗ್ತದೆ.

ಬೇರೆ ಬೇರೆ ತೆಗೆಯೂದು ಕಷ್ಟ ಅಲ್ಲ. ಗೆಲುವಿಗೆ 1, ಡ್ರಾಗೆ ಅರ್ಧ ಅಂತ ಹಾಕಿ ಹೋಮ್ ಟೀಮ್‌ಗಳ ಸರಾಸರಿ `p` ತೆಗೀರಿ, ಎಲ್ಲರೂ ಎಲ್ಲರ ಜೊತೆ ಎರಡೂ ಕಡೆ ಆಡಿದ್ರೆ ಟೀಮ್‌ಗಳ ಬಲ ಹೆಚ್ಚುಕಮ್ಮಿ ವಜಾ ಆಗ್ತದೆ.

```
H = 400 * log10(p / (1 - p))
```

`H` ಅಂದ್ರೆ ಹೋಮ್ ಟೀಮಿನ ರೇಟಿಂಗಿಗೆ ಕೂಡಿಸುವ ಪಾಯಿಂಟ್. `p` 0.575 ಬಂದ್ರೆ `H` ಸುಮಾರು 53.

ತೊಂದರೆ ಇರೂದು ಸಣ್ಣ ಲೀಗಲ್ಲಿ. ಪ್ರೀಮಿಯರ್ ಲೀಗ್ ಸೀಸನ್‌ಗೆ 380 ಮ್ಯಾಚ್, ತಪ್ಪು ಸುಮಾರು 15 ಪಾಯಿಂಟ್ ಆಚೀಚೆ. 6 ಟೀಮಿನ ಲೀಗಲ್ಲಿ 30 ಮ್ಯಾಚ್, ಅಲ್ಲಿ ತಪ್ಪೇ 55, ಅಂದ್ರೆ ಅಳೆಯುವ ವಸ್ತುವಿನಷ್ಟೇ ದೊಡ್ಡದು! ಒಂದು ವರ್ಷ 120, ಮುಂದಿನ ವರ್ಷ 10 ಅಂತ ಕುಣಿದ್ರೆ ಅದು ಬರೀ ಆಕಸ್ಮಿಕ ಏರಿಳಿತ ಅಂತ ತಿಳ್ಕೊಳ್ಳಿ.

ನಾನು ಹೇಳೂದು ನಡುವಿನ ದಾರಿ: ಲೀಗಿನ ನಂಬರಿಗೆ `n/(n+270)` ತೂಕ, ಉಳಿದದ್ದು ಎಲ್ಲಾ ಲೀಗ್ ಸೇರಿಸಿದ ಸಾಮಾನ್ಯ ನಂಬರಿಗೆ; `n` ಅಂದ್ರೆ ಆ ಲೀಗಿನ ಮ್ಯಾಚ್ ಸಂಖ್ಯೆ. (270 ನನ್ನ ಆಯ್ಕೆ, ಹಳೇ ಸೀಸನ್ ಮೇಲೆ ಪರೀಕ್ಷೆ ಮಾಡಿ ಬದಲಿಸಿ.) ಸಾಮಾನ್ಯ 60, ಸಣ್ಣ ಲೀಗ್ 120 ತೋರಿಸಿದ್ರೆ 30 ಮ್ಯಾಚಿಗೆ ಹತ್ತನೇ ಒಂದು ಪಾಲು ತೂಕ, ಉತ್ತರ 66.

ಐಎಸ್‌ಎಲ್‌ನ 2020-21, 2021-22 ಮಾತ್ರ ಸೇರಿಸ್ಬೇಡಿ, ಎಲ್ಲಾ ಮ್ಯಾಚ್ ಗೋವಾದಲ್ಲೇ ನಡೆದದ್ದು, ಪಟ್ಟಿಯಲ್ಲಿ "ಹೋಮ್" ಅಂತ ಇದ್ರೂ ಹೋಮ್ ಇರ್ಲಿಲ್ಲ. ನಮ್ಮ ಸೆವೆನ್ಸ್ ಟೂರ್ನಮೆಂಟಿಗೂ ಒಂದೇ ಮೈದಾನ, `H` ಸೊನ್ನೆ ಇಡಿ.