ಮಾತ್ರೆ ನೆನಪಿಸುವ ಆ್ಯಪ್, 14 ತಿಂಗಳ ಬಳಕೆಯ ನಂತರ

ನನಗೆ 73. ಊರು ಕುಂದಾಪುರದ ಕಡೆ, ನಲವತ್ತು ವರ್ಷದಿಂದ ಮನೆ ಡೊಂಬಿವಲಿ. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಎರಡು, ಒಟ್ಟು ದಿನಕ್ಕೆ ಐದು ಮಾತ್ರೆ. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ದೂರದ್ದು ಚೆನ್ನಾಗಿ ಕಾಣುತ್ತದೆ, ಫೋನ್ ನೋಡಲು ಕನ್ನಡಕ ಬೇಕು, ಆ ಕನ್ನಡಕ ಬೇಕಾದಾಗ ಸಿಗುವುದಿಲ್ಲ. ಬಲಗೈ ಸ್ವಲ್ಪ ನಡುಗುತ್ತದೆ.

ಆ್ಯಪ್ ಮಾಡಿದವರು ಪುಣೆಯ ಮೂವರು ಹುಡುಗರು, ಅವರಲ್ಲೊಬ್ಬ ನನ್ನ ಸೋದರಳಿಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸದ್ಯಕ್ಕೆ ಪರಿಚಯದವರ ಫೋನುಗಳಲ್ಲಿ ಮಾತ್ರ ಓಡುತ್ತಿದೆ, ಹಾಗಾಗಿ ಹೆಸರು ಬರೆಯುವುದಿಲ್ಲ. ಹಿರಿಯರಿಗೆಂದೇ ಮಾಡಿದ್ದು, ದೊಡ್ಡ ಅಕ್ಷರ, ಕಡಿಮೆ ಗುಂಡಿ, ಕನ್ನಡದಲ್ಲಿ ಮಾತಾಡುತ್ತದೆ ಎಂದು ಕೊಟ್ಟರು. ಮೂರೂ ನಿಜ. ಆದರೆ ಮೊದಲ ದಿನವೇ ಅದು ನನ್ನ ಕನ್ನಡದ ಕಾಲು ಕತ್ತರಿಸಿತು.

ನಾನು ಫೋನಿನ ಸೆಟ್ಟಿಂಗ್‌ನಲ್ಲೇ ಅಕ್ಷರದ ಗಾತ್ರವನ್ನು ಕೊನೆಯವರೆಗೆ ಎಳೆದಿಟ್ಟವನು. ಆ್ಯಪ್ ತೆರೆದರೆ ‘ಬೆಳಿಗ್ಗೆ’ ಎಂಬುದು ‘ಬೆಳಿಗೆ’ ಆಗಿತ್ತು, ‘ರಾತ್ರಿ’ ‘ರಾತಿ’ ಆಗಿತ್ತು. ‘ಇನ್ನೊಮ್ಮೆ ನೆನಪಿಸು’ ಎಂಬ ಗುಂಡಿಯ ಮೇಲೆ ‘ಇನೊಮೆ’ ಅಂತ ಇತ್ತು. ‘ಸಂಜೆ’ ಒಂದೇ ಸರಿಯಾಗಿತ್ತು, ಅದಕ್ಕೆ ಒತ್ತಿಲ್ಲವಲ್ಲ. ಸ್ಕ್ರೀನ್‌ಶಾಟ್ ಕಳಿಸಿದೆ. ಅಳಿಯ ಫೋನ್ ಮಾಡಿ, “ಮಾವ, ಎಲ್ಲ ಸರಿಯಾಗೇ ಕಾಣ್ತಿದೆಯಲ್ಲ?” ಅಂದ. ಆಗ ನೆನಪಾಯಿತು: ಹುಟ್ಟಿ ಬೆಳೆದದ್ದು ಪುಣೆ, ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನ ಕಣ್ಣಿಗೆ ಒತ್ತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಕಾರಣ ಆಮೇಲೆ ಅವನೇ ಬಿಡಿಸಿ ಹೇಳಿದ. ಅಕ್ಷರ ನನ್ನ ಫೋನಿನ ಸೆಟ್ಟಿಂಗ್ ನೋಡಿ ಬೆಳೆಯುತ್ತದೆ, ಆದರೆ ಗುಂಡಿಯ ಎತ್ತರವನ್ನು ಇವರು 48 ಎಂದು ಕಟ್ಟಿಹಾಕಿದ್ದರು. ಬೆರಳಿಗೆ ಸಿಗುವಂತೆ ಗುಂಡಿ ಕನಿಷ್ಠ ಅಷ್ಟಿರಲಿ ಎಂದು ಆಂಡ್ರಾಯ್ಡ್‌ನವರೇ ಹೇಳುವ ಅಳತೆ ಅದು, ಸುಮಾರು 9 ಮಿಲಿಮೀಟರ್. ಕನಿಷ್ಠ ಎಂದದ್ದನ್ನು ಇವರು ಖಾಯಂ ಮಾಡಿಕೊಂಡರು. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಸ್ವಲ್ಪವೇ. ಮರಾಠಿಯಲ್ಲಿ ಅರ್ಧಾಕ್ಷರ ಹೆಚ್ಚಾಗಿ ಪಕ್ಕಕ್ಕೆ ಸೇರಿಕೊಳ್ಳುತ್ತದೆ. ನಮ್ಮ ಒತ್ತು ಮಾತ್ರ ಕೆಳಗೆ ನೇತಾಡುತ್ತದೆ, ಪೆಟ್ಟಿಗೆಯ ತಳ ತಾಗಿದರೆ ಕತ್ತರಿಸಿಹೋಗುತ್ತದೆ. ಬದಲಾಯಿಸಿದ್ದು ಎರಡೇ ಸಾಲಂತೆ, ನೋಡಲಿ ಎಂದು ನನಗೂ ಕಳಿಸಿದ:

```xml
android:layout_height="wrap_content"
android:minHeight="48dp"
```

ಈ ಥರದ ಆ್ಯಪ್ ನೀವು ಯಾರಿಗಾದರೂ ಹಾಕಿಕೊಡುವುದಿದ್ದರೆ ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿ, ‘ಮಧ್ಯಾಹ್ನ’ ಎಂಬ ಶಬ್ದ ಹುಡುಕಿ. ಎರಡು ಒತ್ತೂ ಪೂರ್ತಿ ಕಂಡರೆ ಮುಂದಿನದು ನೋಡಬಹುದು.

ಒತ್ತು ಬಂತು, ಅದರ ಹಿಂದೆಯೇ ಇನ್ನೊಂದು ತಾಪತ್ರಯವೂ ಬಂತು. ಗುಂಡಿ ಬೆಳೆದ ಮೇಲೆ ರಾತ್ರಿಯ ಎರಡು ಮಾತ್ರೆ ಒಂದೇ ಪರದೆಯಲ್ಲಿ ಹಿಡಿಯಲಿಲ್ಲ. ಎರಡನೆಯದು ಕೆಳಗೆ ಹೋಯಿತು, ಬೆರಳಿನಿಂದ ಮೇಲೆ ತಳ್ಳಿದರೆ ಮಾತ್ರ ಕಾಣುತ್ತದೆ. ಅಲ್ಲಿ ಒಂದಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಮೊದಲ ಮಾತ್ರೆ ನುಂಗಿ ‘ತೆಗೆದುಕೊಂಡೆ’ ಒತ್ತಿ ಮಲಗಿದೆ, ಎರಡು ರಾತ್ರಿ ಹಾಗೇ. ಮೂರನೆಯ ದಿನ ಹೆಂಡತಿ ಸ್ಟ್ರಿಪ್ ಎಣಿಸಿ, “ಎಂತ ಮಾರಾಯ್ರೆ, ಇದ್ರಲ್ಲಿ ಎರಡು ಜಾಸ್ತಿ ಉಳಿದಿದೆ” ಅಂದಾಗ ತಿಳಿಯಿತು. ಈಗ ಒಂದು ಪರದೆಗೆ ಒಂದೇ ಮಾತ್ರೆ. ಮೇಲೆ ‘ಎರಡರಲ್ಲಿ ಒಂದನೆಯದು’ ಎಂದು ಬರೆದಿರುತ್ತದೆ, ಅದನ್ನೇ ಓದಿಯೂ ಹೇಳುತ್ತದೆ. ಗುಂಡಿಯನ್ನು ಒಂದು ಸಲ ಒತ್ತಿದರೆ ಎರಡು ಸೆಕೆಂಡು ಮತ್ತೆ ಒತ್ತಲು ಬರುವುದಿಲ್ಲ. ನಡುಗುವ ಕೈ ಒಂದರ ಜಾಗದಲ್ಲಿ ಎರಡು ಒತ್ತಿ ಮುಂದಿನ ಮಾತ್ರೆಯನ್ನೂ ನುಂಗಿದ ಲೆಕ್ಕಕ್ಕೆ ಹಾಕುತ್ತಿತ್ತು, ಅದು ನಿಂತಿತು. ನನ್ನ ಮಟ್ಟಿಗೆ ಇಡೀ ಆ್ಯಪ್‌ನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಬೇರೆ ಆಗಿಲ್ಲ.

ಇನ್ನು ಮಾತು. ಮೊದಮೊದಲು ಕೆಲವು ರಾತ್ರಿ ಅದು ಮೂಕ. ನೋಡಿದರೆ ಹಾಡು, ವಿಡಿಯೋಗೆ ಇರುವ ಸದ್ದಿನಲ್ಲೇ ಇದೂ ಮಾತಾಡುತ್ತಿತ್ತು. ನಾನು ಮಧ್ಯಾಹ್ನ ಯಕ್ಷಗಾನ ಹಾಕುತ್ತೇನೆ, ಹೆಂಡತಿ ನಿದ್ದೆಗೆ ಅಡ್ಡಿ ಎಂದು ಸದ್ದು ಸೊನ್ನೆ ಮಾಡುತ್ತಾಳೆ, ರಾತ್ರಿ ಮಾತ್ರೆಯ ದನಿಯೂ ಅದರ ಜೊತೆ ಸೊನ್ನೆ. ದೂರಿದ್ದಕ್ಕೆ ಅಲಾರಂ ಸದ್ದಿಗೆ ಬದಲಾಯಿಸಿದರು. ಮರುವಾರ ಸಿಎಸ್‌ಟಿಗೆ ಹೋಗುವ ಲೋಕಲ್‌ನಲ್ಲಿ, ಠಾಣೆ ದಾಟುತ್ತಿದ್ದ ಹಾಗೆ, ಜೇಬಿನೊಳಗಿಂದ “ಮಲಬದ್ಧತೆಯ ಮಾತ್ರೆ ತೆಗೆದುಕೊಳ್ಳುವ ಹೊತ್ತು” ಎಂದು ಕೂಗಿತು. ಡಬ್ಬಿಯಲ್ಲಿ ಕನ್ನಡದವರು ಯಾರೂ ಇರಲಾರರು ಎಂದುಕೊಂಡೆ, ಎದುರಿನ ಸೀಟಿನವರು ಪೇಪರಿನ ಹಿಂದೆ ನಗುತ್ತಿದ್ದರು. ಈಗ ಮೊದಲು ಗಂಟೆ ಮಾತ್ರ ಹೊಡೆಯುತ್ತದೆ, ಪರದೆ ಮುಟ್ಟಿದರೆ ಮಾತಾಡುತ್ತದೆ.

ಮಾತಿನ ವೇಗ ಕಡಿಮೆ ಮಾಡಲು ಬರುತ್ತದೆ, ಗಂಡುದನಿಯೂ ಇದೆ. ವಯಸ್ಸಾದಂತೆ ಮೊದಲು ಹೋಗುವುದು ತೆಳ್ಳನೆಯ, ಕೀಚಲು ಸದ್ದು ಕೇಳುವ ಶಕ್ತಿ, ಹಾಗಾಗಿ ನನಗೆ ಆ ತಗ್ಗಿದ ದನಿಯೇ ಹೆಚ್ಚು ತಿಳಿಯುತ್ತದೆ. ಅಂಕಿಗಳದ್ದು ಮಾತ್ರ ಫಜೀತಿ. ‘2.5 ಮಿ.ಗ್ರಾಂ’ ಎಂದು ಬರೆದದ್ದನ್ನು “ಎರಡು... ಐದು ಮಿ ಗ್ರಾಂ” ಎಂದು ಓದುತ್ತಿತ್ತು. ಎರಡೋ ಐದೋ? ಈಗ ಪರದೆಯಲ್ಲಿ ಅಂಕಿಯೇ ಇದೆ, ಓದಲಿಕ್ಕೆ ಮಾತ್ರ ಬೇರೆಯಾಗಿ ‘ಎರಡೂವರೆ ಮಿಲಿಗ್ರಾಂ’ ಎಂದು ಬರೆದಿಟ್ಟಿದ್ದಾರೆ.

ಫೋನಿನ ಬ್ಯಾಟರಿ ಉಳಿಸುವ ಚಾಳಿ ಇದನ್ನು ಎರಡು ಸಲ ಮಲಗಿಸಿದೆ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ `Unrestricted` ಮಾಡಿಕೊಳ್ಳಬೇಕು. ಅದನ್ನು ಹಿರಿಯರೇ ಮಾಡಿಕೊಳ್ಳಲಿ ಎಂದು ಬಿಡಬೇಡಿ, ಹಾಕಿಕೊಡುವವರೇ ಮಾಡಿ.

ಇನ್ನೂ ಸರಿಯಾಗದ್ದು ಒಂದಿದೆ. ಹೆಂಡತಿಯ ಮಾತ್ರೆಗಳನ್ನೂ ಇದೇ ಆ್ಯಪ್ ನೆನಪಿಸುತ್ತದೆ. ಹೆಸರು, ಮಿಲಿಗ್ರಾಂ ಯಾವುದೂ ಅವಳಿಗೆ ನೆನಪಿರುವುದಿಲ್ಲ, ಅವಳಿಗೆ ಬೇಕಾದದ್ದು “ಸಣ್ಣ, ಗುಲಾಬಿ, ದುಂಡನೆಯದು”. ಆ್ಯಪ್ ಹಾಗೇ ಹೇಳುತ್ತದೆ, ಫೋಟೋವನ್ನೂ ದೊಡ್ಡದಾಗಿ ತೋರಿಸುತ್ತದೆ. ಒಂಬತ್ತನೆಯ ತಿಂಗಳಲ್ಲಿ ಅವಳ ಬಿಪಿ ಮಾತ್ರೆ ಅಂಗಡಿಯಲ್ಲಿ ಖಾಲಿಯಾಗಿ, ಅದೇ ಔಷಧ ಬೇರೆ ಕಂಪನಿಯದು ಕೊಟ್ಟರು. ಔಷಧ ಅದೇ, ಅಳತೆ ಅದೇ, ಬಣ್ಣ ಬಿಳಿ. ಆ್ಯಪ್ ಗುಲಾಬಿ ಎನ್ನುತ್ತದೆ, ಡಬ್ಬಿಯಲ್ಲಿ ಗುಲಾಬಿ ಎಂದರೆ ನನ್ನದೊಂದು ಮಾತ್ರೆ. ಅವಳು ಅದನ್ನೇ ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದಳು, ನಾನು ಎದುರಿಗೆ ಕೂತಿದ್ದರಿಂದ ತಪ್ಪಿತು.

ಆ ರಾತ್ರಿಯೇ ಅಳಿಯನಿಗೆ ಹೇಳಿದೆ. ಮಾತ್ರೆ ಮುಗಿಯುವ ಲೆಕ್ಕ ಹೇಗೂ ಆ್ಯಪ್‌ನಲ್ಲಿದೆ, ಹಾಗಾಗಿ ಹೊಸ ಸ್ಟ್ರಿಪ್ ಶುರುವಾಗುವ ದಿನ ಈಗ ಅದು “ಹಳೆಯ ಮಾತ್ರೆಯ ಹಾಗೇ ಇದೆಯೇ?” ಎಂದು ಕೇಳುತ್ತದೆ. ಇಲ್ಲ ಎಂದರೆ ಹೊಸ ಫೋಟೋ ತೆಗೆಯಬೇಕು. ತೆಗೆಯುವವರು ಯಾರು? ನಡುಗುವ ಕೈಯಲ್ಲಿ ಬಿಳಿ ಮಾತ್ರೆಯನ್ನು ಬಿಳಿ ಮೇಜಿನ ಮೇಲಿಟ್ಟು ತೆಗೆದ ಫೋಟೋದಲ್ಲಿ ಮೇಜು ಮಾತ್ರ ಕಾಣುತ್ತದೆ. ಮಾತ್ರೆ ಬಿಟ್ಟು ಸ್ಟ್ರಿಪ್‌ನ ಫೋಟೋ ತೆಗೆಯೋಣ ಎಂದರೆ ಅದರ ಮೇಲಿನ ಅಕ್ಷರ ನಮ್ಮ ಕಣ್ಣಿಗೆ ಹಿಡಿಯದು. ಸದ್ಯಕ್ಕೆ ನಾನು ಕಪ್ಪು ಕೊಡೆಯ ಬಟ್ಟೆಯ ಮೇಲೆ ಮಾತ್ರೆ ಇಟ್ಟು, ಫೋನನ್ನು ಡಬ್ಬಿಗೆ ಒರಗಿಸಿ ತೆಗೆಯುತ್ತೇನೆ, ಮೂರರಲ್ಲಿ ಒಂದು ಬರುತ್ತದೆ. ಬಾರದ ದಿನ ಕೆಳಗಿನ ಮನೆಯ ಹುಡುಗಿ ಕಾಲೇಜಿನಿಂದ ಬರುವವರೆಗೆ ಕಾಯುತ್ತೇವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೆಂಡತಿ ಎರಡು ಕೊಟ್ಟಿದ್ದಾಳೆ, ಅವಳು ಸ್ಟ್ರಿಪ್ ಎಣಿಸುವುದನ್ನು ಇನ್ನೂ ಬಿಟ್ಟಿಲ್ಲ.